ಮಾಳಿಗೆ ಮೇಲಿನ ಬಿಸಿನೀರು ಕಳ್ಳ

ಕಲಬುರಗಿಯ ಬಿಸಿಲಿಗೆ ನಾವು ವರ್ಷವಿಡೀ ಬೈಯುತ್ತೇವೆ. ಅದರಿಂದ ಒಂದು ಬಕೆಟ್ ನೀರಾದರೂ ಪುಕ್ಕಟೆ ಕಾಯಲಿ ಅಂತ ನಾನು ಸೋಲಾರ್ ಹಾಕಿಸಿದೆ. ನೂರು ಲೀಟರಿನದು.

ಹಚ್ಚಲು ಬಂದ ಮಿಸ್ತ್ರಿ, ಟ್ಯಾಂಕ್ ಎತ್ತರಕ್ಕೆ ಕೂಡ್ರಿಸಬೇಕು, ಕಬ್ಬಿಣದ ಸ್ಟ್ಯಾಂಡ್ ಬೇಕು ಅಂದ. ಸ್ಟ್ಯಾಂಡಿಗೆ ಬೇರೆ ರೊಕ್ಕ. ನಾನು ಬುದ್ಧಿವಂತ ಅಲ್ವಾ? "ಪ್ಯಾನೆಲ್ ಬಾಜೂಕೇ ನೆಲದ ಮ್ಯಾಲ ಇಡಪ್ಪ, ನೀರಿಗೇನು ಎತ್ತರ ತಗ್ಗು?" ಅಂದೆ. ಅವನು ನನ್ನ ಮುಖ ನೋಡಿ, "ನಿಮ್ಮ ಮರ್ಜಿ ರೀ ಸಾಹೇಬ್ರ" ಅಂದು ಇಟ್ಟು ಹೋದ.

ಸಂಜೆ ನಾಲ್ಕಕ್ಕೆ ನಳ ಬಿಟ್ಟರೆ ಕೈ ಸುಡುವಷ್ಟು ನೀರು. ಆ ಹೊತ್ತಿನಲ್ಲಿ ಜಳಕ ಮಾಡುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಬಾವಿ ನೀರು. ಅದೂ ಡಿಸೆಂಬರ್.

ಟ್ಯಾಂಕಿನ ಸುತ್ತ ದಪ್ಪ ಫೋಮ್ ಇದೆ, ಒಂದೇ ರಾತ್ರಿಗೆ ನೀರು ಅಷ್ಟೊಂದು ಆರುವುದಿಲ್ಲ. ಹಾಗಾದರೆ ಬಿಸಿನೀರು ಎಲ್ಲಿ ಹೋಯಿತು? ನನ್ನ ಅನುಮಾನ ಸೀದಾ ಮೇಲಿನ ಬಾಡಿಗೆಯವರ ಮೇಲೆ ಹೋಯಿತು. ರಾತ್ರಿ ಪಾಳಿ ಮುಗಿಸಿ ಬರುವ ಮನುಷ್ಯ, ಹನ್ನೊಂದಕ್ಕೆ ಬಂದು ಕದ್ದು ಜಳಕ ಮಾಡುತ್ತಾನೆ ಅಂತ ನಾನೇ ತೀರ್ಪು ಕೊಟ್ಟೆ. ಒಂದು ರಾತ್ರಿ ಸುಮ್ನೆ ಮಾಳಿಗೆ ಹತ್ತಿ, ಮನೆಗೆ ಇಳಿಯುವ ಬಿಸಿನೀರಿನ ವಾಲ್ವ್ ಬಂದ್ ಮಾಡಿ ಬಂದೆ. ಬೆಳಿಗ್ಗೆ ತೆಗೆದರೆ ಮತ್ತೆ ತಣ್ಣೀರೇ! ಒಂದು ಚೊಂಬೂ ಖರ್ಚಾಗದೆ ಬಿಸಿ ಮಾತ್ರ ಮಾಯ.

ಮರುದಿನ ರಾತ್ರಿ ಮಂಕಿ ಟೋಪಿ ಹಾಕಿಕೊಂಡು, ಟಾರ್ಚ್ ಹಿಡಿದು ಪಹರೆಗೆ ಹೋದೆ. ಪ್ಯಾನೆಲ್‌ಗೆ ಎರಡು ಪೈಪು. ಟ್ಯಾಂಕಿನ ತಳದಿಂದ ತಣ್ಣೀರು ಪ್ಯಾನೆಲ್ಲಿನ ಕೆಳತುದಿಗೆ ಬರುವುದು ಒಂದು. ಕಾದ ನೀರು ಪ್ಯಾನೆಲ್ಲಿನ ಮೇಲ್ತುದಿಯಿಂದ ಟ್ಯಾಂಕಿಗೆ ಹೋಗುವುದು ಇನ್ನೊಂದು. ಮೇಲಿನ ಪೈಪಿಗೆ, ಪ್ಯಾನೆಲ್ಲಿನ ಹತ್ತಿರವೇ ಕೈ ಇಟ್ಟೆ. ಬಿಸಿ! ರಾತ್ರಿ ಹನ್ನೊಂದಕ್ಕೆ ಯಾವ ಸೂರ್ಯ? ಕೆಳಗಿನದು ತಣ್ಣಗಿತ್ತು. ಟ್ಯಾಂಕಿನ ಬಿಸಿನೀರು ಉಲ್ಟಾ ಹರಿದು ಪ್ಯಾನೆಲ್‌ಗೆ ಬಂದು, ತಣ್ಣಗಾಗಿ, ಕೆಳಗಿನ ಪೈಪಿನಿಂದ ವಾಪಸ್ ಹೋಗುತ್ತಿತ್ತು.

ಇದರಲ್ಲಿ ಪಂಪು ಇಲ್ಲ, ಮೋಟಾರಿಲ್ಲ. ನೀರನ್ನು ಓಡಿಸುವುದು ತೂಕದ ವ್ಯತ್ಯಾಸ ಮಾತ್ರ. 30 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 996 ಗ್ರಾಂ, 60 ಡಿಗ್ರಿಯದು 983. ಬರೀ ಹದಿಮೂರು ಗ್ರಾಂ. ಹಗಲು ಪ್ಯಾನೆಲ್ಲಿನ ನೀರು ಕಾದು ಹಗುರಾಗಿ ಮೇಲೇರುತ್ತದೆ, ಟ್ಯಾಂಕಿನ ತಳದ ಭಾರದ ನೀರು ಆ ಜಾಗಕ್ಕೆ ಇಳಿಯುತ್ತದೆ. ರಾತ್ರಿ ಆ ಪ್ಯಾನೆಲ್ಲೇ ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾಗುತ್ತದೆ. ಈಗ ಅದರ ನೀರೇ ಭಾರ. ನಾನು ಬುದ್ಧಿ ಖರ್ಚು ಮಾಡಿ ಟ್ಯಾಂಕನ್ನು ಪಕ್ಕದಲ್ಲೇ ಇಟ್ಟಿದ್ದೆನಲ್ಲ, ಭಾರದ ನೀರು ಪ್ಯಾನೆಲ್ಲಿನಲ್ಲಿ ಕೆಳಗಿಳಿದು, ಟ್ಯಾಂಕಿನ ನೆತ್ತಿಯ ಬಿಸಿನೀರನ್ನು ತನ್ನತ್ತ ಎಳೆಯುತ್ತಿತ್ತು. ಟ್ಯಾಂಕು ಮೇಲಿದ್ದರೆ? ಪ್ಯಾನೆಲ್ಲಿನ ತಣ್ಣೀರು ಮೊದಲೇ ಎಲ್ಲಕ್ಕಿಂತ ಕೆಳಗಿರುತ್ತದೆ. ಇನ್ನೂ ಇಳಿಯಲು ಜಾಗವಿಲ್ಲ, ತೆಪ್ಪಗೆ ಕೂತಿರುತ್ತದೆ.

ಇದನ್ನೆಲ್ಲ ದೊಡ್ಡ ಶೋಧದಂತೆ ಅವ್ವನಿಗೆ ಹೇಳಿದೆ. "ಬಕೆಟ್ಟಿನ್ಯಾಗ ಬಿಸಿನೀರು ಮ್ಯಾಲ, ತಣ್ಣೀರು ಕೆಳಗ ಇರತದ, ಕಲಸಿ ಹಾಕ್ಕೋ ಅಂತ ಸಣ್ಣಾಂವ ಇದ್ದಾಗಿಂದ ಹೇಳೀನಿ. ನೀ ಎಂದ ಕೇಳಿ?" ಅಂದಳು.

ಮಿಸ್ತ್ರಿಯನ್ನು ಮತ್ತೆ ಕರೆಸಿದೆ. ಪ್ಯಾನೆಲ್ಲಿನ ಮೇಲ್ತುದಿಗಿಂತ ಟ್ಯಾಂಕಿನ ತಳ ಒಂದು ಅಡಿ ಮೇಲೆ ಬರುವಂತೆ ಸ್ಟ್ಯಾಂಡ್ ಮಾಡಿಸಿದ. ಸ್ಟ್ಯಾಂಡಿನ ರೊಕ್ಕದ ಜೊತೆ ಬಿಚ್ಚುವ ಕೂಲಿಯೂ ಬಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಅವ್ವ ಸಂಡಿಗೆ ಒಣಹಾಕಲು ಹೋಗುವಾಗ ಬಿಸಿ ಪೈಪು ತಲೆಗೆ ತಾಗುತ್ತದೆ ಅಂತ, ನಾನೇ ಅದನ್ನು ನಡುವೆ ಒಂಟೆ ಬೆನ್ನಿನ ಹಾಗೆ ಎತ್ತಿಸಿದೆ. ಎರಡೇ ದಿನ. ಪ್ಯಾನೆಲ್ ಒಳಗೆ ಕೊತಕೊತ ಸದ್ದು, ಟ್ಯಾಂಕು ಮಾತ್ರ ತಣ್ಣಗೆ. ಕಾದ ನೀರಿನಿಂದ ಬಿಟ್ಟ ಗಾಳಿ ಆ ಗೂನಿನಲ್ಲಿ ಸೇರಿ ದಾರಿಗೆ ಬಿರಡೆ ಹಾಕಿತ್ತು. ಹದಿಮೂರು ಗ್ರಾಂ ಜೋರು ಆ ಗಾಳಿಯನ್ನು ನೂಕುತ್ತದಾ? ಮಿಸ್ತ್ರಿ ಗೂನಿನ ಮೇಲಿನ ಜೋಡಣೆ ಸಡಿಲಿಸಿದ. ಬುಸ್ ಅಂತ ಗಾಳಿ ಹೋಯಿತು. ಆಮೇಲೆ ಪ್ಯಾನೆಲ್ಲಿನಿಂದ ಟ್ಯಾಂಕಿನವರೆಗೆ ಎಲ್ಲೂ ಇಳಿಯದಂತೆ, ಏರುತ್ತಲೇ ಹೋಗುವಂತೆ ಪೈಪು ಹಾಕಿದ. ಅವ್ವ ಈಗ ಬಗ್ಗಿ ಹೋಗುತ್ತಾಳೆ, ನನ್ನ ಹೆಸರು ಹಿಡಿದು ಬೈಯುತ್ತ.

ಬಾಡಿಗೆಯವರ ಮೇಲೆ ಸುಳ್ಳೇ ಅನುಮಾನಪಟ್ಟ ಪಾಪಕ್ಕೆ, "ಇನ್ನ ಮ್ಯಾಲ ಮುಂಜಾನೆ ಬಿಸಿನೀರು ನೀವೂ ಆರಾಮ ಬಳಸ್ರಿ" ಅಂದೆ. ಅವರು ನಾಚಿಕೆಯಿಲ್ಲದೆ ಒಪ್ಪಿಕೊಂಡರು. ಐದಕ್ಕೇ ಏಳುತ್ತಾರೆ. ಆರಕ್ಕೆ ನಾನು ನಳ ಬಿಟ್ಟರೆ ಮತ್ತೆ ತಣ್ಣೀರು.