ನೂರು ಫ್ರೇಮಿನ ನಿದ್ದೆ

ನನ್ನ ಮಾನ ಹೋಗಲು ಹಿಡಿದದ್ದು ಸರಿಯಾಗಿ ನಾಲ್ಕು ಸೆಕೆಂಡು. ಎಡಿಟಿಂಗ್ ಲೆಕ್ಕದಲ್ಲಿ ನೂರು ಫ್ರೇಮು, ಸೆಕೆಂಡಿಗೆ 25ರಂತೆ. ಇದು ಭಾನುವಾರದ ಮಾತು. ಇವತ್ತು ಬುಧವಾರ. ಗೆಳೆಯರು ಇನ್ನೂ ಆ ಫೋಟೊ ಕಳಿಸುತ್ತಲೇ ಇದ್ದಾರೆ, ನಾನೊಬ್ಬಳೇ ಅದನ್ನು ನೋಡಿಲ್ಲ ಎಂಬಂತೆ.

ಕೆಲಸ ಒಂದು ಪತ್ತಿನ ಸಹಕಾರ ಸಂಘದ ಸುವರ್ಣ ಮಹೋತ್ಸವದ ವಿಡಿಯೊ. ಉದ್ದ 8 ನಿಮಿಷ 40 ಸೆಕೆಂಡು. ಇಂಥವು ಹೇಗೆ ಶುರುವಾಗುತ್ತವೆ ಅಂತ ನಿಮಗೂ ಗೊತ್ತು. 1905, ಗದಗದ ಹತ್ತಿರದ ಕಣಗಿನಹಾಳ, ಅಲ್ಲಿ ಸಹಕಾರ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ಫೋಟೊ, ಹಿಂದೆ ಕೊಳಲು. ಆಮೇಲೆ ಅಧ್ಯಕ್ಷರು ದೀಪ ಹಚ್ಚುವುದು, ಅಧ್ಯಕ್ಷರು ಗಿಡ ನೆಡುವುದು, ಅಧ್ಯಕ್ಷರು ಟ್ರ್ಯಾಕ್ಟರ್ ಕೀಲಿ ಕೊಡುವುದು.

ಪೂರ್ತಿ ಮುಗಿಯುವ ಮೊದಲು ಕೆಲಸ ಕೊಟ್ಟ ಪಾರ್ಟಿಗೆ ರಿವ್ಯೂ ಕಾಪಿ ಕಳಿಸುತ್ತೇವೆ. ಅದರ ಮೇಲ್ಗಡೆ REVIEW COPY ಅಂತ ದಪ್ಪ ಅಕ್ಷರ, ಕೆಳಗಡೆ ಓಡುವ ಟೈಮ್‌ಕೋಡ್. ಗಂಟೆ, ನಿಮಿಷ, ಸೆಕೆಂಡು, ಫ್ರೇಮು, ಹೀಗೆ ನಾಲ್ಕು ಜೋಡಿ ಅಂಕಿ. "ಆ ನೀಲಿ ಸೀರೆಯವರು ಬಂದ ಮೇಲೆ, ಈ ಕಡೆ ಒಂದು ಮರ ಇದೆಯಲ್ಲ, ಅಲ್ಲಿ" ಅನ್ನುವ ಬದಲು ನಂಬರ್ ಓದಿ ಹೇಳಿದರೆ ಸಾಕು, ನಾನು ಅದೇ ಫ್ರೇಮಿಗೆ ಹೋಗಿ ನಿಲ್ಲಬಹುದು. ದಪ್ಪ ಅಕ್ಷರಕ್ಕೆ ಬೇರೆ ಕಾರಣ. ಅದಿಲ್ಲದಿದ್ದರೆ ರಿವ್ಯೂ ಕಾಪಿಯನ್ನೇ ಓಡಿಸಿ, ಬಾಕಿ ದುಡ್ಡು ಮರೆತುಬಿಡುವವರಿದ್ದಾರೆ. ಒಂಥರಾ ಅಡವು ಇಟ್ಟುಕೊಂಡ ಹಾಗೆ. ಸೊಸೈಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಬಿಡಿಸಿ ಹೇಳಬೇಕಾದದ್ದು ನಂಬರನ್ನು. ಅದೂ ಅಲ್ಲಿನ ಕಾರ್ಯದರ್ಶಿಗಳಿಗೆ. ಲೆಡ್ಜರಿನಲ್ಲಿ ಹದಿನೈದು ಪೈಸೆ ಹೆಚ್ಚುಕಡಿಮೆಯಾದರೆ ರಾತ್ರಿ ಊಟ ಬಿಡುವ ಮನುಷ್ಯ. ಮೊದಲ ಫೋನ್ ಬೆಳಿಗ್ಗೆ ಏಳಕ್ಕೆ.

"ಮೇಡಂ, ನಾವು ಹೇಳಿದ್ದು ಎಂಟೂವರೆ ನಿಮಿಷ. ನೀವು ಒಂದು ಗಂಟೆ ಎಂಟು ನಿಮಿಷದ್ದು ಕಳಿಸಿದ್ದೀರಿ."

"ಇಲ್ಲ ಸಾರ್, ಅದು ಒಂದು ಗಂಟೆಯಿಂದಲೇ ಶುರುವಾಗುತ್ತೆ."

"ಹಾಗಾದ್ರೆ ಮೊದಲ ಒಂದು ಗಂಟೆ ಎಲ್ಲಿ?"

ನ್ಯಾಯವಾದ ಪ್ರಶ್ನೆಯೇ. ಟೇಪಿನ ಕಾಲದಲ್ಲಿ ಚಿತ್ರಕ್ಕೆ ಮುಂಚೆ ಬಣ್ಣದ ಪಟ್ಟೆ, ಕುಂಯ್ ಅನ್ನುವ ಸದ್ದು ಎಲ್ಲ ತುಂಬಿಸುತ್ತಿದ್ದರು. ಮೆಷಿನ್ನು ಸ್ಪೀಡ್ ಹಿಡಿಯಲು ಕೆಲವು ಸೆಕೆಂಡು ಹಿಂದಕ್ಕೂ ಸುತ್ತಬೇಕಿತ್ತು. ಚಿತ್ರ ಸೊನ್ನೆಯಿಂದ ಶುರುವಾದರೆ ಅದರ ಹಿಂದಿನ ನಂಬರು 23 ಗಂಟೆ 59 ನಿಮಿಷ, ಅಂದರೆ ಹಿಂದಿನ ದಿನ! ಮೆಷಿನ್ನಿಗೆ ತಲೆ ಕೆಡುತ್ತಿತ್ತು. ಅದಕ್ಕೆ ಚಿತ್ರವನ್ನು ಒಂದು ಗಂಟೆಗೆ ಕೂರಿಸುತ್ತಿದ್ದರು. ಟೇಪು ಹೋಗಿ ಎಷ್ಟೋ ಕಾಲವಾಯಿತು, ಆ ಒಂದು ಗಂಟೆ ಮಾತ್ರ ಹೊರಗೆ ಹೋಗದ ನೆಂಟರ ಹಾಗೆ ಉಳಿದುಕೊಂಡಿದೆ. ಇಷ್ಟನ್ನೂ ಕಾರ್ಯದರ್ಶಿಗಳಿಗೆ ಹೇಳಿದೆ. "ಅಂದ್ರೆ ಓಪನಿಂಗ್ ಬ್ಯಾಲೆನ್ಸು" ಅಂದರು. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಎರಡನೇ ಫೋನು: "ಕೊನೆಯ ಎರಡು ಅಂಕಿ 24ರ ಮೇಲೆ ಹೋಗ್ತಾನೇ ಇಲ್ಲ. ಕೆಟ್ಟಿದೆ, ನೋಡಿ." ಅದು ಫ್ರೇಮು ಸಾರ್, 25 ತುಂಬಿದರೆ ಒಂದು ಸೆಕೆಂಡು, ಮತ್ತೆ ಸೊನ್ನೆ. "ಅರವತ್ತಕ್ಕೆ ಯಾಕಲ್ಲ?" ಸುಮ್ನೆ ಒಂದು ಲೋಟ ಕಾಫಿ ಕುಡಿದೆ.

ಆಮೇಲೆ ತಿದ್ದುಪಡಿಗಳು. "ಏಳು ಗಂಟೆ ನಲವತ್ತೆರಡು ನಿಮಿಷದಲ್ಲಿ ಉಪಾಧ್ಯಕ್ಷರ ಇನಿಷಿಯಲ್ ತಪ್ಪಾಗಿದೆ." ನನ್ನ ಟೈಮ್‌ಲೈನಿನಲ್ಲಿ ಏಳು ಗಂಟೆಯೇ ಇಲ್ಲ. ಮತ್ತೆ ನೋಡಿ ಸಾರ್ ಅಂದೆ. ನೋಡಿದರು. "ಈಗ ಏಳು ನಲವತ್ಮೂರು ಆಗಿದೆ" ಅಂದರು. ಹತ್ತು ನಿಮಿಷ ಜಗ್ಗಾಡಿದ ಮೇಲೆ ಹೊಳೆಯಿತು, ಅವರು ಓದುತ್ತಿದ್ದದ್ದು ಫೋನಿನ ನೆತ್ತಿಯ ಮೇಲಿನ ಗಡಿಯಾರವನ್ನು. ನಾವು ಮಾತಾಡುತ್ತಿದ್ದಷ್ಟೂ ಹೊತ್ತು ಉಪಾಧ್ಯಕ್ಷರ ಇನಿಷಿಯಲ್ಲು ಮುಂದಕ್ಕೆ ಹೋಗುತ್ತಲೇ ಇತ್ತು.

ಆದರೆ ಒಂದು ವಿಷಯದಲ್ಲಿ ಅವರು ಫ್ರೇಮು ಸಮೇತ ಸರಿಯಾಗಿ ಹೇಳಿದರು. 01:03:12:08. ಅಲ್ಲಿ ಒಂದು ಹಳೇ ವಿಎಚ್‌ಎಸ್ ತುಣುಕಿತ್ತು. ಸಂಘದ ಹಳೇ ಕಟ್ಟಡ, ಸಂಕ್ರಾಂತಿ ದಿನ, ಜನ ಎಳ್ಳು ಬೆಲ್ಲ ಹಂಚುತ್ತಿದ್ದಾರೆ. ಬಲಗಡೆ ಕೆಳಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ 15. 1.96. ಆಗಿನ ಕ್ಯಾಮೆರಾ ತಾರೀಕನ್ನು ಚಿತ್ರದ ಮೇಲೇ ಬರೆದು ಟೇಪಿಗೆ ಇಳಿಸುತ್ತಿತ್ತು. ಅದರಡಿ ಏನಿತ್ತೋ ಅದು ಹೋದ ಹಾಗೇ, ಕೆರೆದು ತೆಗೆಯಲು ಬರುವುದಿಲ್ಲ. ನಾನು ಜಾಣತನ ಮಾಡಿ ಚಿತ್ರವನ್ನು ಹಿಗ್ಗಿಸಿ, ಬಲಕ್ಕೂ ಕೆಳಕ್ಕೂ ಒಂಚೂರು ತಳ್ಳಿ, ಆ ಮೂಲೆಯನ್ನೇ ಪರದೆಯಾಚೆ ಹಾಕಿದ್ದೆ. ನೀಟಾಗಿ ಕಾಣುತ್ತಿತ್ತು.

"ಅಲ್ಲಿ ತಟ್ಟೆ ಹಿಡಿದುಕೊಂಡು ಒಬ್ಬ ಹುಡುಗ ಇದ್ನಲ್ಲ ಮೇಡಂ, ತುದೀಲಿ?"

ಮೂಲ ತುಣುಕು ತೆಗೆದು ನೋಡಿದೆ. ಇದ್ದ. ಸಪೂರ ಕೈಕಾಲು, ಅಳತೆಗೆ ದೊಡ್ಡದಾದ ಶರ್ಟು. ತಾರೀಕು ಅವನ ಪಾದದ ಮೇಲೆ ಕೂತಿತ್ತು. ತಾರೀಕು ಮುಚ್ಚುವ ಭರದಲ್ಲಿ ಅವನನ್ನೂ ಹೊರಗೆ ನೂಕಿದ್ದೆ.

"ನಾನು ಅಟೆಂಡರ್ ಆಗಿ ಸೇರಿ ಎರಡನೇ ವಾರ ಅದು. ತಾರೀಕೂ ಇರಲಿ ಬಿಡಿ."

ಇರಲಿ ಬಿಟ್ಟೆ. ಆಮೇಲೆ ಅವರ ಫೋನ್ ಬಂದರೆ ಮೊದಲ ರಿಂಗಿಗೇ ಎತ್ತುತ್ತಿದ್ದೆ.

ಶುಕ್ರವಾರ ಎಲ್ಲ ಒಪ್ಪಿಗೆಯಾಯಿತು. ಆ ರಾತ್ರಿ ನನಗೊಂದು ಕೆಟ್ಟ ಯೋಚನೆ ಬಂತು, ಇನ್ನೊಂದು ಸಲ ನೋಡೋಣ ಅಂತ. ನೋಡಿದರೆ ಹಳೇ ತುಣುಕಿನ ಮುಂದಿನ ಶಾಟಿನಲ್ಲೇ ಅಧ್ಯಕ್ಷರು ವೇದಿಕೆ ಮೇಲೆ ಕೂತು ಕಣ್ಣು ಮುಚ್ಚಿದ್ದಾರೆ. ಯೋಚನೆ ಮಾಡುತ್ತಿದ್ದಾರೆ ಅನ್ನೋಣವೆಂದರೆ ಬಾಯಿ ಸ್ವಲ್ಪ ತೆರೆದಿತ್ತು. ಬೇರೆ ಶಾಟ್ ಹುಡುಕು ಅಂತ ಅಸಿಸ್ಟೆಂಟ್ ಹುಡುಗನಿಗೆ ಹೇಳಬೇಕು. ಯಾವ ಫೈಲು ಅಂತ ಅವನಿಗೆ ಗೊತ್ತಾಗಲಿ ಎಂದು ನಾನು ಎಡಿಟ್ ಮಾಡುವ ರಿಸಾಲ್ವ್ ಸಾಫ್ಟ್‌ವೇರಿನಲ್ಲಿ ಚಿತ್ರದ ಮೇಲೆ ಬರಹ ಕೂರಿಸುವ Data Burn-In ತೆರೆದು, ಆ ಒಂದು ಶಾಟಿನ ಮೇಲೆ ಫೈಲಿನ ಹೆಸರು ಬರುವ ಹಾಗೆ ಮಾಡಿದೆ. ಕೆಳಗೆ ನನ್ನದೊಂದು ಟಿಪ್ಪಣಿ ಬರೆದು ಅವನಿಗೆ ಕಳಿಸಿದೆ. ಬೆಳಿಗ್ಗೆ ಉತ್ತರ ಬಂತು: "ಅಕ್ಕಾ, ಎಲ್ಲ ಕ್ಯಾಮೆರಾದಲ್ಲೂ ನಿದ್ದೇನೇ." ಆಗಲಿ, ನಾಲ್ಕು ಸೆಕೆಂಡು ತಾನೇ, ಅಂತ ಬಿಟ್ಟೆ.

ಈಗ ನನ್ನ ದಡ್ಡತನ ಕೇಳಿ. ಆ Data Burn-In ಕಿಟಕಿಯಲ್ಲಿ ಎರಡು ಭಾಗವಿದೆ. Project ಅಂದರೆ ಇಡೀ ವಿಡಿಯೊ ಮೇಲೆ ಬರುವ ಬರಹ. Clip ಅಂದರೆ ಆ ಒಂದು ಶಾಟಿನ ಮೇಲೆ ಮಾತ್ರ. ಶನಿವಾರ ರಾತ್ರಿ ನಾನು Projectನ ಟಿಕ್ಕುಗಳನ್ನೆಲ್ಲ ಶ್ರದ್ಧೆಯಿಂದ ತೆಗೆದೆ. ಟೈಮ್‌ಕೋಡ್ ಹೋಯಿತು, ದಪ್ಪ ಅಕ್ಷರ ಹೋಯಿತು, ಪರದೆ ಸ್ನಾನ ಮಾಡಿದ ಹಾಗೆ ಆಯಿತು. ಇನ್ನೊಂದು ಬಾಗಿಲು ನೆನಪಿಗೇ ಬರಲಿಲ್ಲ. ಬಂದಿರದಿದ್ದರೂ ನಡೆಯುತ್ತಿತ್ತು ಅನ್ನಿ. ರೆಂಡರ್ ಮಾಡುವ, ಅಂದರೆ ಕೊನೆಯ ಫೈಲು ಹೊರತೆಗೆಯುವ ಪುಟದ ಅಡ್ವಾನ್ಸ್ಡ್ ಸೆಟ್ಟಿಂಗಿನಲ್ಲಿ ಇದೇ ಹೆಸರಿನ ಒಂದು ಸಾಲಿದೆ. ಅದು ಸಾಮಾನ್ಯವಾಗಿ Same as project ಅಂತ ಇರುತ್ತದೆ, None ಮಾಡಿದರೆ ಎಲ್ಲಿ ಏನು ಅಂಟಿಸಿದ್ದರೂ ಫೈಲಿಗೆ ಬರುವುದಿಲ್ಲ. ಆ ಭಾಗ ಮಡಚಿಕೊಂಡಿತ್ತು. ನಾನು ಬಿಚ್ಚಲಿಲ್ಲ.

ಚೆಕ್ ಮಾಡಲಿಲ್ಲವೇ? ಮಾಡಿದೆ, ಎಲ್ಲರೂ ಮಾಡುವ ಹಾಗೆ. ಶುರುವಿನಲ್ಲಿ ಒಂದು ಕ್ಲಿಕ್ಕು, ನಡುವೆ ಒಂದು, ಕೊನೆಗೊಂದು. ಅನ್ನ ಬೆಂದಿದೆಯಾ ಅಂತ ಮೂರು ಅಗುಳು ಹಿಸುಕಿದ ಹಾಗೆ. ಅನ್ನಕ್ಕೆ ಆ ಲೆಕ್ಕ ಸರಿ, ಕಲ್ಲಿಗೆ ಸರಿಯಲ್ಲ ಅಲ್ವಾ?

ಭಾನುವಾರ. ಕಲ್ಯಾಣ ಮಂಟಪ, ಎಲ್‌ಇಡಿ ಪರದೆ, ಮುಂದಿನ ಸಾಲಿನಲ್ಲಿ ಅಧ್ಯಕ್ಷರ ಮನೆಯವರು, ಬೀಗರು. ಕಣಗಿನಹಾಳ ಹೋಯಿತು, ಗಿಡ ನೆಟ್ಟಾಯಿತು. ಸಂಕ್ರಾಂತಿಯ ತುಣುಕು ಬಂದಾಗ ಸಭೆ ತಣ್ಣಗಾಯಿತು. ಹಳೇ ಮುಖಗಳನ್ನು ಗುರುತಿಸಿ ಯಾರೋ ಮೆಲ್ಲಗೆ ಹೆಸರು ಹೇಳುತ್ತಿದ್ದರು, ಕೆಲವರ ಹೆಸರಿನ ಹಿಂದೆ "ಪಾಪ" ಸೇರಿಸಿ. ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಮೂಲೆಯಲ್ಲಿ 15. 1.96 ಹೊಳೆಯುತ್ತಿತ್ತು. ನನಗೂ ಗಂಟಲು ಕಟ್ಟಿತು. ಆ ಕ್ಷಣದಲ್ಲಿ ನಾನು ದೊಡ್ಡ ಕಲಾವಿದೆ.

ಮುಂದಿನ ಶಾಟು. ಹನ್ನೆರಡು ಅಡಿ ಅಗಲದಲ್ಲಿ ಅಧ್ಯಕ್ಷರ ಮುಖ. ಎದೆಯ ಮೇಲೆ ಫೈಲಿನ ಹೆಸರು, ಅದರ ಕೆಳಗೆ:

ADHYAKSHARU NIDDE. BERE SHOT HUDUKU.

ಒಂದು ಮಗು ಜೋರಾಗಿ, ಸ್ಪಷ್ಟವಾಗಿ, ಕೂಡಿಸಿಕೊಂಡು ಓದಿತು. ಇಂಗ್ಲಿಷ್ ಮೀಡಿಯಂ. ಅಲ್ಲಿಯವರೆಗೆ ಗಮನಿಸದವರೂ ಗಮನಿಸಿದರು. ನೂರು ಫ್ರೇಮು ಅಷ್ಟು ಉದ್ದ ಅಂತ ನನಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಒಬ್ಬರು ನಗಲು ಶುರುಮಾಡಿ, ತಡೆದುಕೊಂಡು, ಸೋತು, ಮತ್ತೆ ನಗಬಹುದು. ನಿರ್ದೇಶಕ ಮಂಡಳಿಯವರು ಪೂರ್ತಿ ಹಾಗೆಯೇ ಮಾಡಿದರು.

ಎಲ್‌ಇಡಿ ಹುಡುಗ ನನ್ನ ಕಿವಿಯಲ್ಲಿ "ಮೇಡಂ, ಅದನ್ನ ಇಲ್ಲೇ ಅಳಿಸಕ್ಕಾಗಲ್ವಾ? ಊಟದ ಮೇಲೆ ಇನ್ನೊಂದು ಸಲ ಹಾಕ್ಬೇಕಂತೆ" ಅಂದ. ಆಗುವುದಿಲ್ಲ ಮಾರಾಯ. ಪ್ರಾಜೆಕ್ಟಿನಲ್ಲಿ ಇರುವವರೆಗೆ ಅದು ಮೇಲೆ ಅಂಟಿಸಿದ ಚೀಟಿ, ಟಿಕ್ ತೆಗೆದರೆ ಹೋಗುತ್ತದೆ. ರೆಂಡರ್ ಆಗಿ ಫೈಲಾದ ಮೇಲೆ ಅದು ಹಚ್ಚೆ. ಮಸುಕು ಮಾಡಬಹುದು, ಮೇಲೆ ಕಪ್ಪು ಪಟ್ಟಿ ಎಳೆಯಬಹುದು. ಅಧ್ಯಕ್ಷರ ಎದೆಗೆ ಕಪ್ಪು ಪಟ್ಟಿ ಎಳೆದರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ. ಪ್ರಾಜೆಕ್ಟು ಮನೆಯಲ್ಲಿ, ಮನೆ ನಲವತ್ತು ಕಿಲೋಮೀಟರ್ ದೂರ. ಊಟದ ಮೇಲೂ ಅದೇ ಓಡಿತು. ಈ ಸಲ ಜನ ಕಾದಿದ್ದರು.

ರಾತ್ರಿ ಮನೆಗೆ ಬಂದು None ಮಾಡಿ ಮತ್ತೆ ರೆಂಡರ್ ಹಾಕಿದೆ. ಆ ಫೈಲನ್ನು ಬೇರೆ ಪ್ಲೇಯರಿನಲ್ಲಿ ಹಾಕಿ, ಮೊದಲಿಂದ ಕೊನೆವರೆಗೆ ನೋಡಿದೆ, ಸೌಂಡ್ ಆಫ್ ಮಾಡಿ. ಸೌಂಡ್ ಇದ್ದರೆ ಕಣ್ಣು ಕಥೆಯ ಹಿಂದೆ ಹೋಗುತ್ತದೆ. ಇಲ್ಲದಿದ್ದರೆ ಮಾಡಲು ಬೇರೆ ಕೆಲಸವಿಲ್ಲದೆ ಮೂಲೆಗಳನ್ನು ನೋಡುತ್ತದೆ. 8 ನಿಮಿಷ 40 ಸೆಕೆಂಡಿನ ಕೆಲಸ. ಶನಿವಾರ ಇಷ್ಟೇ ಹೊತ್ತು ಉಳಿಸಲು ಹೋಗಿದ್ದೆ.

ಸೋಮವಾರ ಹೊಸ ಕಾಪಿ, ಜೊತೆಗೆ ಕ್ಷಮಾಪಣೆ ತೆಗೆದುಕೊಂಡು ಸೊಸೈಟಿಗೆ ಹೋದೆ. ಕಾರ್ಯದರ್ಶಿಗಳು ಬಾಕಿ ಚೆಕ್ಕು ರೆಡಿ ಇಟ್ಟಿದ್ದರು. "ಆ ನಂಬರ್ ಓಡೋ ಕಾಪಿನೂ ಇರಲಿ ಮೇಡಂ, ನಮ್ಮ ಮನೇಲಿ ತೋರಿಸಬೇಕು. ಒಂದು ಗಂಟೆ ಮೂರು ನಿಮಿಷ ಹನ್ನೆರಡು ಸೆಕೆಂಡಿಗೆ ನಾನು ಬರ್ತೀನಿ" ಅಂದರು.

ಒಳಗೆ ಅಧ್ಯಕ್ಷರು ಕೂತಿದ್ದರು. ಕಾಫಿ ತರಿಸಿದರು. ಬಯ್ಯಲಿಲ್ಲ. ನಾನು ಕುಡಿದು ಮುಗಿಸುವವರೆಗೆ ಸುಮ್ಮನಿದ್ದು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು.

"ಏನಮ್ಮಾ, ಬೇರೆ ಶಾಟ್ ಸಿಕ್ತಾ?"

"ಹುಡುಕಿದ್ವಿ ಸಾರ್. ಮೂರು ಕ್ಯಾಮೆರಾ ಇತ್ತು."

"ಮೂರರಲ್ಲೂ?"

"ಮೂರರಲ್ಲೂ ಸಾರ್."