ಎಂಟು ತೂತಿಗೆ ಎಷ್ಟು ಸಲ ಕೈ ಮುಗಿಯಬೇಕು?

ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಿದ್ದವರಿಗೆ ಮಾತ್ರ ನನ್ನ ಸಿಟ್ಟು ಅರ್ಥ ಆಗೋದು. ವಿದ್ಯಾನಗರದಲ್ಲಿ ಈಗ ನಾವಿರುವ ಮನೆಯ ಹಾಲ್ ಮತ್ತು ಮಲಗುವ ಕೋಣೆ, ಎರಡರ ಕಿಟಕಿಯೂ ಪಶ್ಚಿಮಕ್ಕಿವೆ. ಮಧ್ಯಾಹ್ನ ಮೂರಕ್ಕೆ ಒಳಗೆ ಬಂದ ಬಿಸಿಲು ಸೂರ್ಯ ಮುಳುಗುವ ತನಕ ಹೋಗುವುದಿಲ್ಲ. ಹಾಸಿಗೆ ಮೇಲೆ ಕೈ ಇಟ್ಟರೆ ಆಗ ತಾನೇ ಇಸ್ತ್ರಿ ಮಾಡಿದ ಬಟ್ಟೆ ಮುಟ್ಟಿದ ಹಾಗಿರುತ್ತದೆ. ಮಗು ಅಲ್ಲೇ ಮಲಗಬೇಕು.

ಬೇಕಾಗಿರುವುದು ಎರಡು ಕರ್ಟನ್ ರಾಡ್. ಅಷ್ಟೇ.

ಓನರ್ ಅಂಕಲ್ ಕೆಳಗಿನ ಮನೆಯಲ್ಲೇ ಇದ್ದಾರೆ. ಬಾಯಿಮಾತಿನಲ್ಲಿ ಕೇಳಿದರೆ ಆಮೇಲೆ ತಕರಾರು ಬರುತ್ತದೆ ಎಂದು ನಾನು ಬಿಳಿ ಹಾಳೆಯಲ್ಲಿ ಬರೆದುಕೊಂಡೇ ಹೋದೆ. ರಾಡ್‌ಗೆ ಎರಡು ಬ್ರಾಕೆಟ್, ಬ್ರಾಕೆಟ್‌ಗೆ ಎರಡು ಸ್ಕ್ರೂ, ಒಟ್ಟು ಎಂಟು ತೂತು, 6 ಎಂಎಂ ಬಿಟ್. ಖಾಲಿ ಮಾಡುವಾಗ ಪ್ಲಗ್ ಕಿತ್ತು, ಪುಟ್ಟಿ ತುಂಬಿ, ಉಜ್ಜಿ, ಪ್ರೈಮರ್ ಹೊಡೆದು, ಆ ಎರಡು ಗೋಡೆಗೆ ಮೂಲೆಯಿಂದ ಮೂಲೆಗೆ ಬಣ್ಣ ಬಳಿಸಿ ಕೊಡುತ್ತೇನೆ. ಖರ್ಚು ನನ್ನದೇ. ಕೆಳಗೆ ಸಹಿ, ತಾರೀಖು.

ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮಡಚಿ ಜೇಬಿಗೆ ಇಟ್ಟುಕೊಂಡರು. "ಇದಕ್ಕೆಲ್ಲ ಪೇಪರ್ ಯಾಕಮ್ಮ, ಇದು ನಿಮ್ಮನೆ ಇದ್ದಂಗೆ" ಅಂದರು.

"ಹಾಗಾದ್ರೆ ಹಾಕಿಸ್ಲಾ ಅಂಕಲ್?"

"ಬ್ಯಾಡ."

ಸುಮ್ನೆ ಬೇಡ ಅಂದಿದ್ದಲ್ಲ, ಕಾರಣವನ್ನೂ ಹೇಳಿದರು. ಮೊದಲಿದ್ದ ಹುಡುಗರು ಟೀವಿ ತೂಗು ಹಾಕಲು ಸ್ವಿಚ್ ಬೋರ್ಡಿನ ನೇರಕ್ಕೆ ಡ್ರಿಲ್ ಇಟ್ಟು, ಗೋಡೆಯೊಳಗಿನ ವೈರ್ ಪೈಪನ್ನೇ ತೂತು ಮಾಡಿದ್ದರಂತೆ. ಗೋಡೆ ಒಡೆದು ಹೊಸ ವೈರ್ ಎಳೆಸಬೇಕಾಯಿತಂತೆ. ಇದು ನಿಜವಾದ ಭಯ, ಒಪ್ಪುತ್ತೇನೆ. ಬೋರ್ಡಿನಿಂದ ವೈರ್ ಪೈಪ್ ಸಾಮಾನ್ಯವಾಗಿ ನೆಟ್ಟಗೆ ಮೇಲಕ್ಕೆ ಹೋಗಿರುತ್ತದೆ, ಆ ಗೆರೆಯಲ್ಲಿ ಯಾರೂ ಕೈ ಹಾಕಬಾರದು. ಆದರೆ ನಮ್ಮ ಕಿಟಕಿಯ ಹತ್ತಿರ ಬೋರ್ಡೇ ಇಲ್ಲ. ಅಲ್ಲಿರುವ ತೊಂದರೆ ಬೇರೆ. ಕಿಟಕಿಯ ಮೇಲೆ ಲಿಂಟಲ್ ಇರುತ್ತದೆ, ಕಾಂಕ್ರೀಟು. ಮನೆಯಲ್ಲಿ ಇಟ್ಟುಕೊಳ್ಳುವ ಸಣ್ಣ ಡ್ರಿಲ್ ಅದರೊಳಗೆ ಇಳಿಯುವುದಿಲ್ಲ. ಬಿಟ್ ಜಾರುತ್ತದೆ, ಗಾರೆ ಚಕ್ಕೆ ಏಳುತ್ತದೆ, 6 ಎಂಎಂ ತೂತು ಹೋಗಿ ಎರಡು ರೂಪಾಯಿ ನಾಣ್ಯದಷ್ಟು ಗುಂಡಿ ಬೀಳುತ್ತದೆ. ಅದಕ್ಕೇ ಹ್ಯಾಮರ್ ಡ್ರಿಲ್ ಇರುವವರನ್ನೇ ಕರೆಸುತ್ತೇನೆ ಅಂದೆ. ಬೇಕಾದರೆ ನಿಮ್ಮ ಕಾರ್ಪೆಂಟರ್‌ನೇ ಕರೆಸಿ, ನೀವೇ ಮುಂದೆ ನಿಂತು ಜಾಗ ತೋರಿಸಿ, ದುಡ್ಡು ನಾನು ಕೊಡುತ್ತೇನೆ ಅಂದೆ.

"ನೋಡಮ್ಮ, ಗೋಡೆಗೆ ಒಂದ್ಸಲ ತೂತು ಬಿತ್ತು ಅಂದ್ರೆ ಬಿತ್ತು. ಮೊದಲಿನಂಗೆ ಆಗಲ್ಲ."

ಇಲ್ಲಿಗೆ ನನ್ನ ತಲೆ ಕೆಟ್ಟಿತು. ಯಾಕೆಂದರೆ ನಮ್ಮ ಕರಾರು ಪತ್ರದಲ್ಲೇ ಇದೆ: ಮನೆ ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣದ ಖರ್ಚಿಗೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲಾಗುವುದು. ಅಂದರೆ 9,000 ರೂಪಾಯಿ. ಗೋಡೆ ಕನ್ನಡಿ ಥರ ಇದ್ದರೂ ಮುರಿದುಕೊಳ್ಳುತ್ತಾರೆ. ಆ ದುಡ್ಡಲ್ಲಿ ಪೇಂಟರ್ ಬಂದು ಮೊದಲು ಮಾಡುವ ಕೆಲಸ ಏನು? ತೂತು, ಬಿರುಕು ಹುಡುಕಿ ಪುಟ್ಟಿ ಒತ್ತುವುದು. ಗೋಡೆಯಲ್ಲಿ ತೂತು ಇರಬಹುದು ಅಂತಲೇ ಅಲ್ವಾ ಈ ದುಡ್ಡು? ತೂತು ಮಾಡಬೇಡ, ಮುಚ್ಚುವ ದುಡ್ಡು ಮಾತ್ರ ಕೊಡು ಅಂದರೆ ಇದು ಯಾವ ಲೆಕ್ಕ?

ಮುಚ್ಚಿ ಕೊಟ್ಟರೂ ಏನಾಗುತ್ತದೆ ಅನ್ನುವುದೂ ನನಗೆ ಗೊತ್ತು. ಹಿಂದೆ ನಿಟುವಳ್ಳಿಯಲ್ಲಿದ್ದಾಗ ಆ ಓನರ್ ಒಪ್ಪಿದ್ದರು, "ಹೋಗೋವಾಗ ಸರಿ ಮಾಡಿಕೊಡ್ರಿ" ಅಷ್ಟೇ ಅಂದಿದ್ದರು. ಹೋಗುವ ಹಿಂದಿನ ದಿನ ನಾನೇ ಸ್ಟೂಲ್ ಹತ್ತಿದೆ. ಸ್ಕ್ರೂವನ್ನು ಅರ್ಧ ತಿರುಗಿಸಿ ಇಕ್ಕಳದಲ್ಲಿ ಹಿಡಿದು ಎಳೆದರೆ ಪ್ಲಗ್ ಅದರ ಜೊತೆ ಬರುತ್ತದೆ. ಅಲ್ಲಿವರೆಗೆ ಸರಿಯಾಗಿಯೇ ಮಾಡಿದೆ. ಆಮೇಲೆ ಎರಡು ತಪ್ಪು ಮಾಡಿದೆ. ಪುಟ್ಟಿಯನ್ನು ಒಂದೇ ಸಲಕ್ಕೆ ತುಂಬಿದೆ. ಅದು ಒಣಗುತ್ತಾ ಕುಗ್ಗುತ್ತದೆ, ಬೆಳಗ್ಗೆ ನೋಡಿದರೆ ಪ್ರತಿ ತೂತಿನ ಮೇಲೂ ಸಣ್ಣ ಗುಳಿ. ಮೊದಲ ಸಲದ್ದು ಪೂರ್ತಿ ಒಣಗಿದ ಮೇಲೆ ಇನ್ನೊಂದು ಕೈ ಕೊಟ್ಟು, ಆಮೇಲೆ ಉಜ್ಜಬೇಕಿತ್ತು. ಎರಡನೇ ತಪ್ಪು ದೊಡ್ಡದು. ಬಣ್ಣದ ಶೇಡ್ ನಂಬರ್ ಮನೆಗೆ ಬಂದಾಗಲೇ ಕೇಳಿ ಇಟ್ಟುಕೊಂಡಿರಲಿಲ್ಲ. ಹದಡಿ ರಸ್ತೆಯ ಅಂಗಡಿಯಲ್ಲಿ ಕಾರ್ಡ್ ನೋಡಿ ಹತ್ತಿರದ ಕೆನೆ ಬಣ್ಣ ತಂದು, ಪ್ರೈಮರ್ ಇಲ್ಲದೆ ಪುಟ್ಟಿ ಮೇಲಷ್ಟೇ ಹಚ್ಚಿದೆ. ಪುಟ್ಟಿ ಬಣ್ಣವನ್ನು ಕುಡಿದುಬಿಟ್ಟಿತು. ಮೂರು ವರ್ಷ ಬಿಸಿಲು, ಅಡುಗೆ ಹೊಗೆ ಕಂಡ ಗೋಡೆ ಮೇಲೆ ಹೊಸ ಬಣ್ಣ ಬೇರೆ ಎದ್ದು ಕಾಣುತ್ತಿತ್ತು. ಅದೇ ಶೇಡ್ ಸಿಕ್ಕಿದ್ದರೂ ಕಲೆ ಕಾಣುತ್ತಿತ್ತು ಅನ್ನುವುದು ಆಮೇಲೆ ತಿಳಿಯಿತು. ಅದಕ್ಕೇ ಈ ಸಲ ಮೂಲೆಯಿಂದ ಮೂಲೆಗೆ ಎಂದು ಬರೆದುಕೊಟ್ಟಿದ್ದು.

"ಗೋಡೆಗೆ ಮುಲಾಮು ಹಚ್ಚೀರಲ್ರೀ" ಅಂತ ಆ ಓನರ್ ನಕ್ಕರು. ನಕ್ಕು 3,000 ಮುರಿದುಕೊಂಡರು. ಒಂದು ತಿಂಗಳ ಬಾಡಿಗೆ ಬಿಟ್ಟು ಬೇರೆ! ವಾರ ಬಿಟ್ಟು ಉಳಿದಿದ್ದ ಗ್ಯಾಸ್ ಸ್ಟೌ ತರಲು ಹೋದರೆ ಇಡೀ ಮನೆಗೆ ಪುಟ್ಟಿ ಎಳೆದಿದ್ದರು. ನನ್ನ ನಾಲ್ಕು ಮುಲಾಮು ಎಲ್ಲಿದ್ದವು ಅಂತ ಹುಡುಕಿದರೂ ಸಿಗಲಿಲ್ಲ.

ಕಾನೂನು ಕೇಳಿ ನೋಡಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು. ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಅವನು ಹೊಣೆಯಲ್ಲ. ಓದಿ ಖುಷಿಯಾಯಿತು. ಕಲಂನ ಶುರುವಿನಲ್ಲೇ ಇನ್ನೊಂದು ಮಾತಿದೆ: ಕರಾರಿನಲ್ಲೋ ಊರಿನ ರೂಢಿಯಲ್ಲೋ ಬೇರೆ ಇದ್ದರೆ ಇದು ಅನ್ವಯಿಸುವುದಿಲ್ಲ. ಖುಷಿ ಅಲ್ಲಿಗೇ ಮುಗಿಯಿತು.

ತೂತಿಲ್ಲದ ದಾರಿಯನ್ನೂ ನೋಡಿದ್ದೇನೆ. ಕಿಟಕಿಯ ಸಂದಿಗೆ ಒತ್ತಿ ನಿಲ್ಲಿಸುವ ಸ್ಪ್ರಿಂಗ್ ರಾಡ್ ನಮ್ಮ ಐದು ಅಡಿ ಅಗಲಕ್ಕೆ ನಡುವೆ ಬಾಗಿ, ಎರಡನೇ ದಿನ ಪರದೆ ಸಮೇತ ಕೆಳಗೆ ಬಿತ್ತು. ಆಮೇಲೆ ಅಂಟಿಸುವ ಹುಕ್ ತಂದೆ. ಈ ಗೋಡೆಗೆ ಇರುವುದು ಡಿಸ್ಟೆಂಪರ್, ಬೆರಳಾಡಿಸಿದರೆ ಸೀಮೆಸುಣ್ಣದ ಥರ ಪುಡಿ ಬರುತ್ತದೆ. ಹುಕ್ ಬಿದ್ದಾಗ ಅಂಗೈ ಅಗಲದ ಬಣ್ಣವನ್ನೂ ಕಿತ್ತುಕೊಂಡೇ ಬಿತ್ತು. ಎಂಟು ತೂತೂ ಸೇರಿ ಅಷ್ಟು ಜಾಗ ಆಗುತ್ತಿರಲಿಲ್ಲ! ಅದರ ಮುಂದೆ ಈಗ ಕ್ಯಾಲೆಂಡರ್ ಇಟ್ಟಿದ್ದೇನೆ. ನೇತು ಹಾಕಿಲ್ಲ, ಮೊಳೆ ಎಲ್ಲಿದೆ? ಅಲಮಾರಿ ಮೇಲೆ ಒರಗಿಸಿದ್ದೇನೆ. ಕಿಟಕಿಗೆ ಈಗ ಸರಳಿಗೆ ವೈರ್ ಬಿಗಿದು ಹಳೇ ಬೆಡ್‌ಶೀಟ್ ಕಟ್ಟಿದ್ದೇವೆ, ಮಲಗುವ ಕೋಣೆಗೆ ಮಾತ್ರ. ಹಾಲ್ ಹಾಗೇ ಇದೆ.

ಮೊನ್ನೆ ಐದನೇ ತಾರೀಖು ಸಂಜೆ ಅಂಕಲ್ ಬಾಡಿಗೆಗೆ ಬಂದರು. ಹಾಲ್‌ನಲ್ಲಿ ಕೂತರು. ಬಿಸಿಲು ನೇರ ಮುಖಕ್ಕೆ. ಕುರ್ಚಿಯನ್ನು ಒಂದು ಸಲ ಎಡಕ್ಕೆ ಎಳೆದುಕೊಂಡರು, ಇನ್ನೊಂದು ಸಲ ಹಿಂದಕ್ಕೆ. ಕೊನೆಗೆ ಕೈಯಡ್ಡ ಇಟ್ಟುಕೊಂಡು ನನ್ನ ಕಡೆ ನೋಡಿ, "ಏನಮ್ಮ ಇಷ್ಟ್ ಬಿಸಿಲು, ಒಂದು ಪರದೆನಾದ್ರೂ ಹಾಕ್ಕೋಬಾರ್ದಾ?" ಅಂದರು.

ಒಳಗೆ ಹೋಗಿ ದುಡ್ಡು ತಂದುಕೊಟ್ಟೆ. ಎರಡು ಸಲ ಎಣಿಸಿಕೊಂಡು ಹೋದರು.