ಅಮ್ಮ ಹಸು ಮಾರಿದ ಮೇಲೆ

ಜಪಾನಿಗೆ ಬಂದ ಮೇಲೂ ಅಮ್ಮನಿಗೆ ದಿನಾ ಫೋನ್ ಮಾಡುತ್ತೇನೆ. ಮಲೆನಾಡಿನ ಮನೆಯಲ್ಲಿ ಅವಳೊಬ್ಬಳೇ. "ನಂಗೇನಾಗಿದೆ, ಆರಾಮಿದ್ದೇನೆ" ಅನ್ನುತ್ತಾಳೆ. ಬಚ್ಚಲಲ್ಲಿ ಜಾರಿಬಿದ್ದು ಮಧ್ಯಾಹ್ನದವರೆಗೆ ಏಳಲಾಗದೆ ಮಲಗಿದ್ದ ದಿನ ರಾತ್ರಿಯೂ ಹಾಗೇ ಅಂದಳು. ಫೋನ್ ಜಗಲಿಯಲ್ಲಿತ್ತು. ನನಗೆ ವಿಷಯ ತಿಳಿದದ್ದು ನಾಲ್ಕು ದಿನದ ಮೇಲೆ, ಪಕ್ಕದ ಮನೆಯವರಿಂದ.

ಇಲ್ಲಿನ ಹಳ್ಳಿಗಳೂ ಖಾಲಿಯಾಗಿವೆ. 2023ರ ಸರ್ಕಾರಿ ಲೆಕ್ಕದಂತೆ ಜಪಾನಿನಲ್ಲಿ ಸುಮಾರು 90 ಲಕ್ಷ ಮನೆಗಳಲ್ಲಿ ಯಾರೂ ಇಲ್ಲ. ಒಂಟಿ ಹಿರಿಯರನ್ನು ನೋಡಿಕೊಳ್ಳಲು ಇವರು ಹಲವು ದಾರಿ ಹುಡುಕಿದ್ದಾರೆ. ದುಡ್ಡು ಕಟ್ಟಿದರೆ ಅಂಚೆಯವರು ತಿಂಗಳಿಗೊಮ್ಮೆ ಮನೆಗೆ ಹೋಗಿ, ಮಾತಾಡಿಸಿ, ಮಕ್ಕಳಿಗೆ ವರದಿ ಕಳಿಸುತ್ತಾರೆ. ಒಳ್ಳೆಯದೇ. ಆದರೆ ಬಿದ್ದವರನ್ನು ಎತ್ತೋಕೆ ತಿಂಗಳು ಕಾಯೋಕಾಗಲ್ಲ, ಅಲ್ವಾ?

ನನಗೆ ಹಿಡಿಸಿದ್ದು ಒಂದು ನೀರಿನ ಕೆಟಲ್. ಜೊಜಿರುಶಿ ಕಂಪನಿ 2001ರಲ್ಲೇ ತಂದದ್ದು. ಅಜ್ಜಿ ಟೀಗೆ ಬಿಸಿನೀರು ಬಗ್ಗಿಸಿಕೊಂಡರೆ ಆ ಸುದ್ದಿ ದೂರದ ಮಗನಿಗೆ ಮೇಲ್‌ನಲ್ಲಿ ಹೋಗುತ್ತದೆ. ಅಜ್ಜಿ ಏನೂ ಹೇಳಬೇಕಿಲ್ಲ, ಒತ್ತಬೇಕಿಲ್ಲ. ನೀರು ಬಗ್ಗಿಸಿಲ್ಲ ಅಂದರೆ ಏನೋ ಆಗಿದೆ ಎಂದರ್ಥ.

ಇದನ್ನು ಕೇಳಿದಾಗಲೇ ನನಗೆ ನಮ್ಮ ಹಸು ನೆನಪಾಯಿತು. ಅಮ್ಮ ಬೆಳಿಗ್ಗೆ, ಸಂಜೆ ಡೈರಿಗೆ ಹಾಲು ಹಾಕುತ್ತಿದ್ದಳು. ಒಂದು ಹೊತ್ತು ಹೋಗದಿದ್ದರೆ "ಅಮ್ಮ ಯಾಕೆ ಬರಲಿಲ್ಲ" ಅಂತ ಸಾಲಿನಲ್ಲಿ ನಿಂತವರು ಕೇಳುತ್ತಿದ್ದರು. ಮಂಡಿನೋವು ಜಾಸ್ತಿಯಾಗಿದೆ, ಹಸು ಮಾರು ಎಂದು ಒತ್ತಾಯ ಮಾಡಿದವನು ನಾನೇ. ಅವಳ ಮಂಡಿಗೆ ಆರಾಮ ಆಯಿತು. ಆದರೆ ದಿನಕ್ಕೆರಡು ಸಲ ಅವಳ ಮುಖ ನೋಡುತ್ತಿದ್ದ ಊರು ಕೈತಪ್ಪಿತು. ನಮ್ಮ ಕಡೆ ಮನೆಗಳು ತೋಟಕ್ಕೊಂದರಂತೆ ದೂರ ದೂರ. ಸುಮ್ನೆ ಹಾದುಹೋಗುವವರು ಯಾರೂ ಇರುವುದಿಲ್ಲ.

ಆ ಕೆಟಲನ್ನು ಊರಿಗೆ ಒಯ್ದರೆ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವೆ. ಮೇಲ್ ಬರದಿದ್ದರೆ ಕರೆಂಟು ಹೋದದ್ದೋ, ಅಮ್ಮ ಬಿದ್ದದ್ದೋ ತಿಳಿಯದು. ಅದಕ್ಕೇ ಹಾಲಿನ ದಾರಿಯನ್ನೇ ತಿರುಗಿಸಿದೆವು. ಈಗ ಪಕ್ಕದ ಮನೆಯ ಹುಡುಗ ದಿನಾ ಬೆಳಿಗ್ಗೆ ಏಳಕ್ಕೆ ಅರ್ಧ ಲೀಟರ್ ಹಾಲು ತರುತ್ತಾನೆ. ಹೊಸ್ತಿಲಲ್ಲಿ ಇಟ್ಟು ಹೋಗುವಂತಿಲ್ಲ, ಅಮ್ಮನ ಕೈಗೇ ಕೊಡಬೇಕು. ಕರೆದರೂ ಅವಳು ಬಾಗಿಲು ತೆಗೆಯದಿದ್ದರೆ ಒಳಹೋಗಲು ಇನ್ನೊಂದು ಕೀ ಅವರ ಮನೆಯಲ್ಲಿದೆ. ಒಳಗಿನ ಚಿಲಕ ಹಾಕುವುದನ್ನು ಬಿಡಿಸಲು ಎರಡು ತಿಂಗಳು ಹಿಡಿಯಿತು. "ಕಳ್ಳರು ಬಂದರೆ?" ಎನ್ನುತ್ತಿದ್ದಳು. ಚಿಲಕ ಹಾಕಿದರೆ ಆ ಕೀ ಇದ್ದೂ ಇಲ್ಲದ ಹಾಗೆ.

ಸಂಜೆ ಬಿದ್ದರೆ ಬೆಳಗಿನವರೆಗೆ ಗೊತ್ತಾಗುವುದಿಲ್ಲ ಎಂಬ ಭಯ ಇದ್ದೇ ಇದೆ. ಆದರೂ ಇಲ್ಲಿ ಹತ್ತೂವರೆಯಾದಾಗ, ಅಂದರೆ ಅಲ್ಲಿ ಏಳಾದಾಗ, ನನ್ನ ಕಣ್ಣು ಫೋನಿನ ಮೇಲಿರುತ್ತದೆ. ಹುಡುಗನ ಕರೆ ಬರದಿದ್ದರೆ ಅಮ್ಮ ಬಾಗಿಲು ತೆಗೆದಿದ್ದಾಳೆ.

ಅವನು ಈ ವರ್ಷ ಪಿಯುಸಿ ಮುಗಿಸುತ್ತಾನೆ. ಆಮೇಲೆ ಬೆಂಗಳೂರಂತೆ. ಅವನ ತಾಯಿಯ ನಂಬರನ್ನೂ ಬರೆದಿಟ್ಟುಕೊಂಡಿದ್ದೇನೆ.